ಫಾತಿಹಾ ಪದ ಪದವಾಗಿ: ‘ಇಯ್ಯಾಕ’ದಲ್ಲಿ ಮಾತು ತಿರುಗುವ ಬಗೆ

ಪ್ರಶ್ನೆ: ದಿನಾ ನಮಾಜಿನಲ್ಲಿ ಫಾತಿಹಾ ಓದುತ್ತೇನೆ. ಒಟ್ಟು ಅರ್ಥ ಗೊತ್ತು, ಆದರೆ ಯಾವ ಪದಕ್ಕೆ ಯಾವ ಅರ್ಥ ಅಂತ ಗೊತ್ತಿಲ್ಲ. ಬಿಡಿಸಿ ಹೇಳ್ತೀರಾ? ‘ಇಯ್ಯಾಕ’ ಎರಡು ಸಲ ಯಾಕೆ ಬರುತ್ತೆ?

ಉತ್ತರ: ಮೊದಲ ನಾಲ್ಕು ಆಯತ್ ಸ್ವಲ್ಪ ಬೇಗ ನೋಡಿಬಿಡೋಣ. ಐದನೆಯದರ ಹತ್ತಿರ ಜಾಸ್ತಿ ಹೊತ್ತು ನಿಲ್ಲಬೇಕು, ಇಡೀ ಸೂರಾ ತಿರುಗುವುದೇ ಅಲ್ಲಿ.

‘ಬಿಸ್ಮಿಲ್ಲಾಹ್’ ಕೇಳಲು ಒಂದೇ ಪದ, ಆದರೆ ಒಳಗೆ ಮೂರಿವೆ. ‘ಬಿ’ ಅಂದರೆ ‘ಇಂದ’, ‘ಇಸ್ಮ್’ ಅಂದರೆ ಹೆಸರು, ಆಮೇಲೆ ಅಲ್ಲಾಹ್. ಅಲ್ಲಾಹನ ಹೆಸರಿನಿಂದ. ಏನು ಮಾಡುತ್ತೇನೆ ಅನ್ನುವ ಕ್ರಿಯಾಪದ ಇಲ್ಲಿ ಇಲ್ಲವೇ ಇಲ್ಲ. ‘ಓದುತ್ತೇನೆ’, ‘ಶುರು ಮಾಡುತ್ತೇನೆ’ ಅಂತ ನಾವೇ ಸೇರಿಸಿಕೊಳ್ಳುತ್ತೇವೆ. ಮುಂದೆ ಬರುವ ‘ರಹ್ಮಾನ್’, ‘ರಹೀಮ್’ ಎರಡೂ ‘ರಹ್ಮತ್’ ಅನ್ನುವ ಒಂದೇ ಬೇರಿನವು. ಮೊದಲನೆಯದರ ಪದರೂಪ ತುಂಬಿ ಹರಿಯುವ ಕರುಣೆಯನ್ನು ತೋರಿಸುತ್ತದೆ, ಎರಡನೆಯದು ಬಿಡದೆ ಇರುವ ಕರುಣೆಯನ್ನು. ಇದೇ ಜೋಡಿ ಮೂರನೇ ಆಯತ್ ಆಗಿ ಮತ್ತೆ ಬರುತ್ತದೆ. ಬಿಸ್ಮಿಲ್ಲಾಹ್ ಅನ್ನು ಮೊದಲ ಆಯತ್ ಅಂತ ಎಣಿಸದವರು ಕೊನೆಯ ಆಯತ್ತನ್ನು ಎರಡಾಗಿ ಎಣಿಸುತ್ತಾರೆ. ಹಾಗಾಗಿ ಎರಡೂ ಲೆಕ್ಕದಲ್ಲಿ ಏಳೇ.

‘ಅಲ್ ಹಮ್ದು’ ಅಂದರೆ ಹೊಗಳಿಕೆಯೆಲ್ಲ. ಆ ‘ಅಲ್’ ಇರುವುದರಿಂದಲೇ ‘ಎಲ್ಲ’ ಅನ್ನುವ ಅರ್ಥ ಬಂದಿದೆ. ಸಿಕ್ಕ ಉಪಕಾರಕ್ಕೆ ಹೇಳುವುದು ‘ಶುಕ್ರ್’. ‘ಹಮ್ದ್’ ಅದಕ್ಕಿಂತ ದೊಡ್ಡದು, ನಮಗೆ ಏನೂ ಸಿಗದಿದ್ದರೂ ಅವನಿರುವ ರೀತಿಗೇ ಸಲ್ಲುವ ಹೊಗಳಿಕೆ. ‘ಲಿಲ್ಲಾಹಿ’ ಅಂದರೆ ಅಲ್ಲಾಹನಿಗೆ. ‘ರಬ್ಬ್’ ಅನ್ನುವುದಕ್ಕೆ ಒಡೆಯ ಅಂದರೆ ಅರ್ಧ ಮಾತ್ರ ಹೇಳಿದಂತೆ, ಹಂತ ಹಂತವಾಗಿ ಸಾಕಿ ಬೆಳೆಸುವವನು ಅನ್ನುವುದೂ ಅದರಲ್ಲಿದೆ. ‘ಆಲಮೀನ್’ ಅಂದರೆ ಲೋಕಗಳು, ಬಹುವಚನ.

ನಾಲ್ಕನೆಯದು ‘ಮಾಲಿಕಿ ಯೌಮಿದ್ದೀನ್’. ‘ಮಾಲಿಕ್’ ಅಂದರೆ ಒಡೆಯ, ‘ಯೌಮ್’ ಅಂದರೆ ದಿನ, ‘ದೀನ್’ ಅಂದರೆ ಈ ಜಾಗದಲ್ಲಿ ಧರ್ಮ ಅಲ್ಲ, ಮಾಡಿದ್ದಕ್ಕೆ ಸಿಗುವ ಪ್ರತಿಫಲ. ‘ಮಾ’ ಅನ್ನು ಎಳೆಯದೆ ‘ಮಲಿಕಿ’ ಅಂತ ಯಾರಾದರೂ ಓದಿದರೆ ತಪ್ಪು ಅಂತ ಅಂದುಕೊಳ್ಳಬೇಡಿ. ಅದೂ ಪರಂಪರೆಯಿಂದ ಬಂದ ಪಾಠವೇ. ಆಗ ಅರ್ಥ ‘ರಾಜ’ ಅಂತ ಆಗುತ್ತದೆ.

ಇಲ್ಲಿಯವರೆಗೆ ಒಂದು ವಿಷಯ ಗಮನಿಸಿದ್ರಾ? ಎಲ್ಲೂ ‘ನೀನು’ ಇಲ್ಲ, ‘ನಾನು’ ಇಲ್ಲ, ‘ನಾವು’ ಕೂಡ ಇಲ್ಲ. ಅವನು ಹೀಗೆ, ಅವನು ಹಾಗೆ ಅಂತ ಅವನ ಬಗ್ಗೆ ಹೇಳುತ್ತಾ ಬಂದಿದ್ದೇವೆ ಅಷ್ಟೇ. ಐದನೇ ಆಯತ್‌ನ ಮೊದಲ ಪದದಲ್ಲೇ ಮಾತು ತಿರುಗುತ್ತದೆ, ಅವನ ಬಗ್ಗೆ ಹೇಳುತ್ತಿದ್ದವರು ನೇರ ಅವನಿಗೇ ಹೇಳಲು ಶುರು ಮಾಡುತ್ತೇವೆ.

‘ಇಯ್ಯಾಕ ನಅಬುದು ವ ಇಯ್ಯಾಕ ನಸ್ತಈನ್.’ ‘ಇಯ್ಯಾಕ’ದ ಕೊನೆಯ ‘ಕ’ ಅಂದರೆ ‘ನೀನು’. ‘ಇಯ್ಯಾ’ಕ್ಕೆ ತನ್ನದೇ ಅರ್ಥ ಇಲ್ಲ, ಆ ‘ಕ’ವನ್ನು ಕ್ರಿಯಾಪದದ ಮುಂದೆ ತಂದು ನಿಲ್ಲಿಸುವುದಕ್ಕೆ ಬಂದ ಆಧಾರ ಅದು. ‘ನಅಬುದು’ ಪದದ ಮೊದಲಲ್ಲಿರುವ ‘ನ’ ಅಂದರೆ ‘ನಾವು’, ಉಳಿದದ್ದು ಆರಾಧಿಸುವುದು. ‘ಅಬ್ದ್’ ಅಂದರೆ ದಾಸ ಅಂತ ಅಬ್ದುಲ್ಲಾ ಅನ್ನುವ ಹೆಸರಿನಿಂದ ನಿಮಗೆ ಗೊತ್ತೇ ಇದೆ, ಬೇರು ಅದೇ. ‘ವ’ ಅಂದರೆ ‘ಮತ್ತು’. ‘ನಸ್ತಈನ್’ನಲ್ಲೂ ಮೊದಲ ‘ನ’ ಅಂದರೆ ‘ನಾವು’. ‘ಔನ್’ ಅಂದರೆ ನೆರವು. ಅದಕ್ಕೆ ನಡುವೆ ‘ಸ್ತ’ ಸೇರಿದಾಗ ‘ನೆರವು ಬೇಡುವುದು’ ಅಂತ ಆಗುತ್ತದೆ.

ಅರಬಿಯಲ್ಲಿ ಸುಮ್ನೆ ‘ನಿನ್ನನ್ನು ಆರಾಧಿಸುತ್ತೇವೆ’ ಅನ್ನಲು ‘ನಅಬುದುಕ’ ಸಾಕು. ‘ಕ’ ಹಿಂದೆ ಬರುವುದು ಅಲ್ಲಿನ ವಾಡಿಕೆ. ಅದನ್ನು ಕಿತ್ತು ಮುಂದೆ ತಂದರೆ ‘ನಿನ್ನನ್ನು ಮಾತ್ರ, ಬೇರೆ ಯಾರನ್ನೂ ಅಲ್ಲ’ ಅನ್ನುವ ಒತ್ತು ಬರುತ್ತದೆ. ನಾವು ಕನ್ನಡದಲ್ಲಿ ಇದೇ ಕೆಲಸವನ್ನು ಒಂದು ‘ಏ’ ಹಚ್ಚಿ ಮಾಡುತ್ತೇವೆ ಅಲ್ವಾ? ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಲ್ಲೇ ನೆರವು ಬೇಡುತ್ತೇವೆ. ಎರಡು ಸಲ ಬರುವುದೂ ಇದಕ್ಕೇ. ಒಂದೇ ಸಲ ಇದ್ದಿದ್ದರೆ ‘ಮಾತ್ರ’ ಅನ್ನುವ ಒತ್ತು ಆರಾಧನೆಗಷ್ಟೇ, ನೆರವಿಗೆ ಅದು ಅನ್ವಯಿಸಲ್ಲ ಅಂತಲೂ ಓದಿಕೊಳ್ಳಬಹುದಿತ್ತು. ಎರಡಕ್ಕೂ ಬೇರೆ ಬೇರೆಯಾಗಿ ಒತ್ತು ಕೊಟ್ಟಾಗ ಆ ದಾರಿ ಮುಚ್ಚುತ್ತದೆ. ‘ನಾವು’ ಅನ್ನುವುದನ್ನೂ ಗಮನಿಸಿ. ಮನೆಯಲ್ಲಿ ಒಬ್ಬರೇ ನಿಂತು ನಮಾಜ್ ಮಾಡುವಾಗಲೂ ಅದು ‘ನಾನು’ ಆಗುವುದಿಲ್ಲ.

ಈ ಆಯತ್ ನಡುವೆಯೇ ಇದೆ ಅನ್ನುವುದಕ್ಕೆ ಹದೀಸ್‌ನ ಆಧಾರವೂ ಇದೆ. ಅಬೂ ಹುರೈರಾ ಅವರು ವರದಿ ಮಾಡಿರುವ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಅದು. ಅದರಲ್ಲಿ ಅಲ್ಲಾಹನು ನಮಾಜನ್ನು ತನ್ನ ಮತ್ತು ದಾಸನ ನಡುವೆ ಎರಡು ಪಾಲು ಮಾಡಿದ್ದೇನೆ ಅನ್ನುತ್ತಾನೆ. ದಾಸ ಹೊಗಳಿದಾಗೆಲ್ಲ ‘ನನ್ನ ದಾಸ ನನ್ನನ್ನು ಹೊಗಳಿದ’ ಅಂತ ಉತ್ತರ ಬರುತ್ತದೆ. ‘ಇಯ್ಯಾಕ’ ಬಂದಾಗ ‘ಇದು ನನ್ನ ಮತ್ತು ನನ್ನ ದಾಸನ ನಡುವಿನದು’ ಅನ್ನುತ್ತಾನೆ. ಅಲ್ಲಿಂದಾಚೆ ಇರುವುದು ದಾಸನ ಪಾಲು, ಅವನು ಕೇಳಿದ್ದು ಅವನಿಗೆ.

ಹಾಗಾದರೆ ಕೇಳುವುದು ಏನು? ಒಂದೇ ಒಂದು. ‘ಇಹ್ದಿ’ ಅಂದರೆ ದಾರಿ ತೋರಿ ನಡೆಸು, ‘ನಾ’ ಅಂದರೆ ನಮ್ಮನ್ನು. ‘ಸಿರಾತ್’ ಅಂದರೆ ದಾರಿ, ‘ಮುಸ್ತಕೀಮ್’ ಅಂದರೆ ನೇರವಾದದ್ದು. ಏಳನೇ ಆಯತ್ ಪೂರ್ತಿ ಆ ದಾರಿ ಯಾವುದು ಅನ್ನುವ ವಿವರಣೆಯೇ. ‘ಸಿರಾತಲ್ಲಝೀನ’ ಅಂದರೆ ಯಾರ ದಾರಿಯೆಂದರೆ, ‘ಅನ್ಅಮ್ತ’ ಅಂದರೆ ನೀನು ಅನುಗ್ರಹಿಸಿದೆ, ‘ಅಲೈ’ ಅಂದರೆ ಮೇಲೆ, ‘ಹಿಮ್’ ಅಂದರೆ ಅವರ. ನೀನು ಯಾರ ಮೇಲೆ ಅನುಗ್ರಹ ತೋರಿದೆಯೋ ಅವರ ದಾರಿ. ‘ಗೈರ್’ ಅಂದರೆ ಅಲ್ಲದ. ‘ಮಗ್ಝೂಬಿ ಅಲೈಹಿಮ್’ ಅಂದರೆ ಯಾರ ಮೇಲೆ ಕೋಪ ಎರಗಿದೆಯೋ ಅವರು. ‘ವಲಾ’ ಅಂದರೆ ಮತ್ತು ಅದೂ ಅಲ್ಲ, ‘ಝಾಲ್ಲೀನ್’ ಅಂದರೆ ದಾರಿ ತಪ್ಪಿದವರು. ಈ ಮೂರು ಗುಂಪುಗಳಲ್ಲಿ ಮೊದಲನೆಯದಕ್ಕೆ ಮಾತ್ರ ‘ನೀನು’ ಅಂತ ನೇರವಾಗಿ ಬಂದಿದೆ. ಕೋಪದ ಜಾಗದಲ್ಲಿ ‘ನೀನು ಕೋಪಿಸಿದೆ’ ಅಂತ ಇಲ್ಲ, ಕರ್ಮಣಿ ರೂಪ ಇದೆ. ದಾರಿ ತಪ್ಪಿದ್ದು ಅವರೇ, ಅದಕ್ಕೆ ಅವರೇ ಕರ್ತೃ. ಅಲ್ಲಾಹನ ಬಗ್ಗೆ ಮಾತಾಡುವಾಗ ಇಷ್ಟು ಎಚ್ಚರ, ಇಷ್ಟು ಅದಬ್ ಇರಬೇಕು ಅನ್ನುವುದನ್ನು ನಾನು ಇಲ್ಲಿಂದಲೇ ಕಲಿತದ್ದು.

ಪದದ ಅರ್ಥ ಗೊತ್ತಾದ ಮೇಲೆ ಉಚ್ಚಾರಣೆಯಲ್ಲಿ ಎಲ್ಲಿ ಎಚ್ಚರ ಬೇಕು ಅನ್ನುವುದೂ ಗೊತ್ತಾಗುತ್ತದೆ. ‘ಅನ್ಅಮ್ತ’ ಅನ್ನುವುದನ್ನು ‘ಅನ್ಅಮ್ತು’ ಅಂದರೆ ‘ನೀನು ಅನುಗ್ರಹಿಸಿದೆ’ ಹೋಗಿ ‘ನಾನು ಅನುಗ್ರಹಿಸಿದೆ’ ಆಗುತ್ತದೆ. ‘ಇಯ್ಯಾಕ’ದಲ್ಲಿ ‘ಯ್ಯ’ ಒತ್ತಕ್ಷರ, ಅವಸರದಲ್ಲಿ ‘ಇಯಾಕ’ ಅಂತ ಓದುವವರು ಬಹಳ, ಆಗ ಆ ಪದವೇ ಬೇರೆಯಾಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದದ್ದನ್ನು ನೋಡಿ ಓದುವವರಿಗೆ ಇನ್ನೊಂದು ತೊಂದರೆ ಇದೆ. ಅರಬಿಯ ಎರಡು ಬೇರೆ ಬೇರೆ ‘ಹ’ಗಳು ನಮ್ಮಲ್ಲಿ ಒಂದೇ ಅಕ್ಷರ. ‘ಹಮ್ದ್’ನ ಹ ಗಂಟಲ ನಡುವಿನಿಂದ ಬರಬೇಕು, ‘ಇಹ್ದಿನಾ’ದ ಹ ಹಗುರ. ‘ಝಾಲ್ಲೀನ್’ನ ಮೊದಲ ಅಕ್ಷರಕ್ಕಂತೂ ಕನ್ನಡದಲ್ಲಿ ಸರಿಯಾದ ಜೋಡಿಯೇ ಇಲ್ಲ. ಹಾಗಾಗಿ ಇದನ್ನೆಲ್ಲ ಕಾಗದ ನೋಡಿ ಕಲಿಯಬೇಡಿ, ಸರಿಯಾಗಿ ಓದುವ ಉಸ್ತಾದರ ಎದುರು ಕೂತು ಒಮ್ಮೆ ಓದಿ ತೋರಿಸಿ. ಕೊನೆಗೆ ಹೇಳುವ ‘ಆಮೀನ್’ ಸೂರಾದ ಭಾಗ ಅಲ್ಲ. ‘ನಮ್ಮ ಬೇಡಿಕೆ ಒಪ್ಪಿಕೋ’ ಅಂತ ಅದರ ಅರ್ಥ.