ಮಂಡಿ ಎಂಆರ್‌ಐ: ಫಿಬುಲಾ ಕಾಣುವ ಕಡೆಯಿಂದ ಶುರು ಮಾಡಿ

"ನಮ್ಮೂರು ಚಿತ್ರದುರ್ಗ, ಬಿಪಿಟಿ ಮೂರನೇ ವರ್ಷ. ಮಂಡಿ ಎಂಆರ್‌ಐ ಸ್ಲೈಸ್ ನೋಡಿದರೆ ಬರೀ ಕಪ್ಪು ಬಿಳುಪು ಕಾಣುತ್ತೆ. ಎಸಿಎಲ್ ಹರಿದಿದೆ, ಮೆನಿಸ್ಕಸ್‌ಗೆ ಪೆಟ್ಟಾಗಿದೆ ಅಂತ ಹೇಗೆ ಗುರುತು ಹಿಡಿಯೋದು?"

ದಾವಣಗೆರೆಯಲ್ಲಿ ಫಿಸಿಯೋ ಆಗಿ ಕೆಲಸ ಮಾಡುತ್ತೇನೆ. ರಿಪೋರ್ಟ್ ಬರೆಯುವುದು ರೇಡಿಯಾಲಜಿಸ್ಟ್ ಕೆಲಸ, ನನ್ನದಲ್ಲ. ಆದರೆ ದಿನಾ ನೋಡಿ ನೋಡಿ ಕಣ್ಣು ಪಳಗಿದೆ. ಒಬ್ಬ ಹುಡುಗನ ಸ್ಕ್ಯಾನ್ ಹಿಡಿದುಕೊಂಡೇ ಹೇಳುತ್ತೇನೆ.

ಜಗಳೂರು ಕಡೆಯ ಕಬಡ್ಡಿ ಆಟಗಾರ, 22 ವರ್ಷ. ರೈಡ್ ಮುಗಿಸಿ ತಿರುಗುವಾಗ ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ತಿರುಗಿತು. ಒಳಗೆ "ಟಪ್" ಅಂದಿತಂತೆ. ಎರಡು ಗಂಟೆಯಲ್ಲಿ ಮಂಡಿ ಊದಿ ಕುಂಬಳಕಾಯಿ. ಒಂಬತ್ತನೇ ದಿನ ಸ್ಕ್ಯಾನ್ ಮಾಡಿಸಿ ಸಿಡಿ ತಂದಿದ್ದ. ಸಿಡಿ ತಂದದ್ದು ಒಳ್ಳೆಯದಾಯಿತು. ಫಿಲ್ಮ್ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಏನೂ ಹೇಳಲು ಬರುವುದಿಲ್ಲ. ಅಕ್ಕಪಕ್ಕದ ಸ್ಲೈಸ್‌ಗಳನ್ನು ಮುಂದೆ ಹಿಂದೆ ಓಡಿಸಿ ನೋಡಲೇಬೇಕು.

ಪರದೆಯ ಮೇಲೆ SAG PD FS ಅಂತ ಬರೆದಿರುವ ಸೀರೀಸ್ ತೆಗೆಯಿರಿ. ಮಂಡಿಯನ್ನು ಪಕ್ಕದಿಂದ ಕೊಯ್ದು ನೋಡಿದ ಹಾಗೆ ಇರುತ್ತದೆ. ಇದರಲ್ಲಿ ನೀರು ಬೆಳ್ಳಗೆ ಕಾಣುತ್ತದೆ. ಕೊಬ್ಬಿನ ಹೊಳಪನ್ನು ಅಡಗಿಸಿರುವುದರಿಂದ ಮೂಳೆಯ ಮಜ್ಜೆ ಕಪ್ಪಾಗಿರುತ್ತದೆ. ಲಿಗಮೆಂಟ್, ಮೆನಿಸ್ಕಸ್ ಎರಡೂ ಕಪ್ಪು. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕಪ್ಪಿರಬೇಕಾದ ಕಡೆ ಬಿಳಿ ಯಾಕೆ ಬಂತು?

ಎಲ್ಲರೂ ನೇರ ಎಸಿಎಲ್‌ಗೆ ಹಾರುತ್ತಾರೆ. ನಾನು ಮೊದಲು ಫಿಬುಲಾ ಕಾಣುವ ಸ್ಲೈಸ್‌ಗೆ ಹೋಗುತ್ತೇನೆ. ಫಿಬುಲಾ ಕಂಡರೆ ಅದು ಮಂಡಿಯ ಹೊರಭಾಗ, ದಾರಿ ತಪ್ಪುವ ಮಾತೇ ಇಲ್ಲ. ಈ ಹುಡುಗನಲ್ಲಿ ಅಲ್ಲೇ ಎರಡು ಬಿಳಿ ಮೋಡ ಕಂಡವು. ಒಂದು ಫೀಮರ್ ಕಾಂಡೈಲ್‌ನ ನಡುಭಾಗದಲ್ಲಿ. ಇನ್ನೊಂದು ಟಿಬಿಯಾದ ಹಿಂದಿನ ಅಂಚಿನಲ್ಲಿ. ಮೂಳೆ ಮುರಿದಿಲ್ಲ, ಒಳಗೆ ಜಜ್ಜಿದೆ ಅಷ್ಟೇ. ಆದರೆ ಫೀಮರ್‌ನ ನಡುಭಾಗ ಟಿಬಿಯಾದ ಹಿಂದಿನ ಅಂಚಿಗೆ ಹೋಗಿ ಹೇಗೆ ಗುದ್ದಿತು? ಆ ಕ್ಷಣದಲ್ಲಿ ಟಿಬಿಯಾ ಒಳಕ್ಕೆ ತಿರುಗಿ ಮುಂದಕ್ಕೆ ಜಾರಿದ್ದರೆ ಮಾತ್ರ ಸಾಧ್ಯ. ಅದನ್ನು ಜಾರದಂತೆ ಹಿಡಿಯುವುದು ಎಸಿಎಲ್ ಅಲ್ವಾ? ಅಂದರೆ ಎಸಿಎಲ್ ನೋಡುವ ಮೊದಲೇ ಅರ್ಧ ಕಥೆ ಗೊತ್ತಾಯಿತು. ಒಂದು ಎಚ್ಚರ: ಈ ಜಜ್ಜು ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಹಳೇ ಪೆಟ್ಟಿನಲ್ಲಿ ಅದು ಕಾಣಲಿಲ್ಲ ಅಂತ ಎಸಿಎಲ್ ಸರಿ ಇದೆ ಅನ್ನಬೇಡಿ.

ಈಗ ಒಂದೊಂದೇ ಸ್ಲೈಸ್ ಒಳಕ್ಕೆ ಬನ್ನಿ. ನಡುವೆ ಫೀಮರ್‌ನ ಎರಡು ಕಾಂಡೈಲ್ ಮಧ್ಯದ ಕಣಿವೆ ಸಿಗುತ್ತದೆ. ಅದಕ್ಕೊಂದು ಸೂರು ಇರುತ್ತದೆ, ಓರೆಯಾದ ಕಪ್ಪು ಗೆರೆ. ಸರಿ ಇರುವ ಎಸಿಎಲ್ ಬಿಗಿಯಾಗಿ ಎಳೆದ ಹಗ್ಗದಂತೆ ಆ ಸೂರಿಗೆ ಸಮಾನಾಂತರವಾಗಿ ಓಡುತ್ತದೆ. ಟಿಬಿಯಾ ಹತ್ತಿರ ಅದರ ಎಳೆಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ, ನಡುವೆ ಬೂದು ಬಿಳಿ ಗೆರೆಗಳು ಇರುತ್ತವೆ. ಅದು ಸಹಜ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಹಿಂದೆ ಇರುವ ಪಿಸಿಎಲ್ ದಪ್ಪ, ಅಚ್ಚ ಕಪ್ಪು. ಅದರಷ್ಟು ಕಪ್ಪು ಎಸಿಎಲ್ ಇರುವುದಿಲ್ಲ.

ಈ ಹುಡುಗನ ಎಸಿಎಲ್ ಟಿಬಿಯಾದಿಂದ ಮೇಲೆದ್ದು ಅರ್ಧ ದಾರಿಯಲ್ಲೇ ಕಳೆದುಹೋಗಿತ್ತು. ಅಲ್ಲಿಂದ ಮುಂದೆ ಹಿಂಜಿದ ಹತ್ತಿಯಂಥ ಬಿಳಿ ಮುದ್ದೆ. ಹತ್ತಿ ಗಿರಣಿಗಳ ಊರಿನವನು ನಾನು, ಬೇರೆ ಹೋಲಿಕೆ ತೋಚುವುದಿಲ್ಲ! ಕೆಳಗೆ ಉಳಿದ ತುಂಡು ಸೂರಿನ ಓರೆ ಬಿಟ್ಟು ಟಿಬಿಯಾ ಮೇಲೆ ಮಲಗಿತ್ತು. ಎಸಿಎಲ್ ಓರೆಯಾಗಿ ಹೋಗುವುದರಿಂದ ಒಂದು ಸ್ಲೈಸ್‌ನಲ್ಲಿ ಅರ್ಧ ಮಾತ್ರ ಸಿಕ್ಕು, ಹರಿದಂತೆ ಕಾಣುವುದೂ ಉಂಟು. ಅದಕ್ಕೇ ಪಕ್ಕದ ಎರಡು ಸ್ಲೈಸ್ ನೋಡಿದೆ. ಆಮೇಲೆ ಮುಂದಿನಿಂದ ಕೊಯ್ದಂತಿರುವ ಕರೋನಲ್ ಸೀರೀಸ್ ತೆಗೆದೆ. ಕಣಿವೆಯ ಹೊರಗೋಡೆಗೆ ಎಸಿಎಲ್ ಅಂಟಿರಬೇಕಾದ ಜಾಗದಲ್ಲಿ ಬರೀ ನೀರು. ಅನುಮಾನ ಉಳಿಯಲಿಲ್ಲ. ಪಿಸಿಎಲ್ ಕೂಡ ಸಹಜ ಬಾಗಿಗಿಂತ ಜಾಸ್ತಿ ಮಡಚಿಕೊಂಡಿತ್ತು. ಟಿಬಿಯಾ ಮುಂದಕ್ಕೆ ಬಂದರೆ ಅದರ ಎರಡು ತುದಿ ಹತ್ತಿರವಾಗುತ್ತವೆ, ಮಡಚದೆ ಇನ್ನೇನು ಮಾಡುತ್ತದೆ?

ಇನ್ನೂ ಒಳಕ್ಕೆ ಹೋದರೆ ಮೀಡಿಯಲ್ ಮೆನಿಸ್ಕಸ್. ಇಲ್ಲಿ ಮುಂದೊಂದು ಹಿಂದೊಂದು ಕಪ್ಪು ತ್ರಿಕೋನ. ಮೀಡಿಯಲ್ ಕಡೆ ಹಿಂದಿನ ತ್ರಿಕೋನ ಮುಂದಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಿರಬೇಕು. ಲ್ಯಾಟರಲ್‌ನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಹಿಂದಿನದು ಸಣ್ಣದಾಗಿ ಕಂಡರೆ ಒಂದು ತುಂಡು ಕಿತ್ತು ಬೇರೆಲ್ಲೋ ಹೋಗಿದೆಯಾ ಅಂತ ಹುಡುಕಬೇಕು.

ತ್ರಿಕೋನದ ಒಳಗೆ ಬಿಳಿ ಕಂಡ ಕೂಡಲೇ ಟೇರ್ ಅನ್ನಬೇಡಿ. ಆ ಬಿಳಿ ಮೇಲಿನ ಅಥವಾ ಕೆಳಗಿನ ಮೈಯನ್ನು ಮುಟ್ಟಿದೆಯಾ? ಕನಿಷ್ಠ ಎರಡು ಸ್ಲೈಸ್‌ನಲ್ಲಿ ಮುಟ್ಟಿದೆಯಾ? ಮುಟ್ಟಿದ್ದರೆ ಹರಿದಿರುವ ಸಾಧ್ಯತೆ ಬಹಳ. ಒಂದೇ ಸ್ಲೈಸ್‌ನಲ್ಲಾದರೆ ಅನುಮಾನ ಮಾತ್ರ. ಒಳಗೇ ಉಳಿದ ಮಸುಕು ಬಿಳಿ ಹದಿಹರೆಯದವರಲ್ಲಿ ರಕ್ತನಾಳದ್ದು, ವಯಸ್ಸಾದವರಲ್ಲಿ ಸವಕಳಿಯದ್ದು ಇರಬಹುದು. ನಮ್ಮ ಹುಡುಗನಲ್ಲಿ ಹಿಂದಿನ ತ್ರಿಕೋನದ ಹೊರ ಅಂಚಿನ ಹತ್ತಿರ ಒಂದು ನಿಂತ ಬಿಳಿ ಗೆರೆ. ಮೇಲಿನಿಂದ ಕೆಳಗಿನವರೆಗೆ, ಸಾಲಾಗಿ ಮೂರು ಸ್ಲೈಸ್‌ನಲ್ಲಿ.

ನಾನು ಮುಖ ಕೆಡಿಸಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಇದೇ ಸ್ಕ್ಯಾನ್‌ನಲ್ಲಿ ಲ್ಯಾಟರಲ್ ಮೆನಿಸ್ಕಸ್‌ನ ಹಿಂದೆಯೂ ಒಂದು ಬಿಳಿ ಗೆರೆ ಕಂಡಿತು. "ಇಲ್ಲೂ ಹರಿದಿದೆ ಕಣಪ್ಪಾ" ಅಂದುಬಿಟ್ಟೆ. ಹುಡುಗನ ಅಮ್ಮ ಅಲ್ಲೇ ಅಳಲು ಶುರು ಮಾಡಿದರು. ಸಂಜೆ ಪರಿಚಯದ ರೇಡಿಯಾಲಜಿಸ್ಟ್ ನೋಡಿ ನಕ್ಕರು. "ಒಳಗಿನ ಸ್ಲೈಸ್‌ಗೆ ಹೋಗ್ತಾ ಹೋಗಿ ಸಾರ್, ಆ ಗೆರೆ ಹಿಂದಿನ ಕಪ್ಪು ಪಟ್ಟಿ ಎಲ್ಲಿಗೆ ಹೋಗುತ್ತೆ ನೋಡಿ." ಒಂದೊಂದೇ ಸ್ಲೈಸ್ ದಾಟಿದಂತೆ ಆ ಪಟ್ಟಿ ಕೆಳಗಿಳಿದು ಟಿಬಿಯಾ ಹಿಂದಿನ ಸ್ನಾಯುವಿಗೆ ಸೇರಿತು. ಪಾಪ್ಲಿಟಿಯಸ್ ಟೆಂಡನ್! ಬಿಳಿ ಗೆರೆ ಅದಕ್ಕೂ ಮೆನಿಸ್ಕಸ್‌ಗೂ ನಡುವಿನ ಸಂದು, ಎಲ್ಲರಲ್ಲೂ ಇರುವಂಥದ್ದು. ಆವತ್ತಿನಿಂದ ರೋಗಿಯ ಮನೆಯವರ ಎದುರು ಸ್ಕ್ರೀನ್ ನೋಡಿ ಬಾಯಿ ಬಿಡುವುದಿಲ್ಲ.

ಲ್ಯಾಕ್‌ಮನ್ ಟೆಸ್ಟ್ ಮಾತ್ರ ಸಿಡಿ ಹಾಕುವ ಮೊದಲೇ ಮಾಡಿದ್ದೆ. ಟಿಬಿಯಾ ಮುಂದಕ್ಕೆ ಬಂದು, ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ, ಮೆತ್ತಗೆ ಜಾರಿತು. ಕೈಗೆ ಸಿಕ್ಕಿದ್ದೇ ಸ್ಲೈಸ್‌ನಲ್ಲೂ ಕಂಡಿತು. ಎರಡೂ ಹೊಂದದಿದ್ದರೆ ನಾನು ಮತ್ತೊಮ್ಮೆ ಪರೀಕ್ಷೆ ಮಾಡುತ್ತೇನೆ, ರೇಡಿಯಾಲಜಿಸ್ಟ್‌ಗೂ ಫೋನ್ ಮಾಡುತ್ತೇನೆ.

ಗೆರೆ ಎಲ್ಲಿದೆ ಅನ್ನುವುದು ನಮಗೆ ಯಾಕೆ ಮುಖ್ಯ ಗೊತ್ತಾ? ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಬರುತ್ತದೆ, ಒಳ ಅಂಚಿಗೆ ಇಲ್ಲ. ಈ ಹುಡುಗನ ಗೆರೆ ಹೊರ ಅಂಚಿನಲ್ಲಿ ಇದ್ದದ್ದರಿಂದ ಸರ್ಜನ್ ಎಸಿಎಲ್ ಹೊಸದಾಗಿ ಕೂರಿಸುವಾಗ ಮೆನಿಸ್ಕಸ್ ಕತ್ತರಿಸದೆ ಹೊಲಿದರು. ಹೊಲಿಗೆ ಇರುವಾಗ ತೂಕ ಹೊತ್ತು ಮಂಡಿಯನ್ನು ಪೂರಾ ಮಡಚಿದರೆ ಹಿಂದಿನ ತುದಿಯ ಮೇಲೆ ಒತ್ತಡ ಬೀಳುತ್ತದೆ. ಅದಕ್ಕೆ ಶುರುವಿನ ವಾರಗಳಲ್ಲಿ 90 ಡಿಗ್ರಿ ದಾಟಿಸಬೇಡಿ ಅಂತ ಅವರು ಬರೆದುಕೊಟ್ಟರು. ಹುಡುಗ ಮೂರನೇ ವಾರಕ್ಕೇ "ಸಾರ್, ಬೈಠಕ್ ಹೊಡೀಲಾ?" ಅಂತ ಬಂದ. ಆ ಮೂರು ಸ್ಲೈಸ್ ತೆಗೆದು, ಬಿಳಿ ಗೆರೆಯ ಮೇಲೆ ಪೆನ್ನು ಇಟ್ಟು ತೋರಿಸಿದೆ. ಸುಮ್ನೆ ಹೋಗಿ ಕ್ವಾಡ್ ಸೆಟ್ ಮಾಡುತ್ತಾ ಕೂತ.