ದ್ರಾಕ್ಷಿ ಬಾಕ್ಸಿನ ಮೇಲೆ ಊರ ಹೆಸರು ಹಾಕುವ ಮುಂಚೆ

ಪ್ರಶ್ನೆ: ನಾವು ಚಿಕ್ಕಬಳ್ಳಾಪುರ ತಾಲ್ಲೂಕಿನ 12 ಜನ ಬೆಳೆಗಾರರು. ಬೆಂಗಳೂರು ಬ್ಲೂ ಜಾಸ್ತಿ, ದಿಲ್‌ಖುಷ್ ಸ್ವಲ್ಪ ಇದೆ. "ನಂದಿ ದ್ರಾಕ್ಷಿ" ಅಂತ ಹೆಸರಿಟ್ಟು ಒಂದು ಕೆ.ಜಿ. ಬಾಕ್ಸಿನಲ್ಲಿ ನೇರವಾಗಿ ಮಾರಬೇಕು ಅಂತಿದ್ದೀವಿ. ಆ ಹೆಸರನ್ನ ನಮ್ಮದೇ ಮಾಡಿಕೊಳ್ಳೋದು ಹೇಗೆ?

ಉತ್ತರ:

ಬರೀ ಊರಿನ ಹೆಸರಿಗೆ ಟ್ರೇಡ್‌ಮಾರ್ಕ್ ಸಾಮಾನ್ಯವಾಗಿ ಸಿಗುವುದಿಲ್ಲ. ಅದು ಆ ಸೀಮೆಯ ಎಲ್ಲ ಬೆಳೆಗಾರರಿಗೂ ಸೇರಿದ್ದು. ಆದ್ದರಿಂದ "ನಂದಿ" ಪದಕ್ಕೆ ದುಡ್ಡು ಸುರಿಯುವ ಬದಲು, ಈಗಾಗಲೇ ನಿಮ್ಮ ಕೈಯಲ್ಲಿರುವ ಹಕ್ಕನ್ನು ಬಳಸಿಕೊಳ್ಳಿ. ಬೆಂಗಳೂರು ಬ್ಲೂ ದ್ರಾಕ್ಷಿಗೆ ಜಿಐ, ಅಂದರೆ ಭೌಗೋಳಿಕ ಗುರುತು, ನೋಂದಣಿಯಾಗಿದೆ. ಹೆಸರಲ್ಲಿ ಬೆಂಗಳೂರು ಇದ್ದರೂ ಅದರ ವ್ಯಾಪ್ತಿಯೊಳಗೆ ನಿಮ್ಮ ಚಿಕ್ಕಬಳ್ಳಾಪುರವೂ ಇದೆ, ಕೋಲಾರವೂ ಇದೆ.

ಆದರೆ ಆ ವ್ಯಾಪ್ತಿಯಲ್ಲಿ ಬೆಳೆದ ಮಾತ್ರಕ್ಕೆ ಜಿಐ ಲಾಂಛನ ಹಾಕುವ ಹಾಗಿಲ್ಲ. 12 ಜನರಲ್ಲಿ ಪ್ರತಿಯೊಬ್ಬರೂ "ಅಧಿಕೃತ ಬಳಕೆದಾರ" ಎಂದು ನೋಂದಾಯಿಸಿಕೊಳ್ಳಬೇಕು. ಚೆನ್ನೈನ ಜಿಐ ರಿಜಿಸ್ಟ್ರಿಗೆ ಫಾರ್ಮ್ ಜಿಐ-3 ಸಲ್ಲಿಸಬೇಕು. 2020ರ ತಿದ್ದುಪಡಿ ಇದರ ಶುಲ್ಕವನ್ನು 10 ರೂಪಾಯಿಗೆ ಇಳಿಸಿತು. ತೋಟ ನಿಮ್ಮದೇ, ಬೆಳೆ ಅದೇ ಎಂದು ತೋರಿಸಲು ಪಹಣಿ ಸೇರಿಸಿ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ. ಅರ್ಜಿಗೆ ಮುಂಚೆ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ಮಾತಾಡುವುದು ಒಳ್ಳೆಯದು.

ದಿಲ್‌ಖುಷ್ ವಿಷಯದಲ್ಲಿ ಎಚ್ಚರ. ಅದು ಅನಾಬ್-ಎ-ಶಾಹಿಯಿಂದ ಬಂದ ಹಸಿರು ತಳಿ, ಈ ಜಿಐಗೆ ಸೇರುವುದಿಲ್ಲ. ಎರಡಕ್ಕೂ ಒಂದೇ ಬಾಕ್ಸ್ ಅಚ್ಚು ಹಾಕಿಸಿದರೆ ಉಳಿತಾಯ ಅನ್ನಿಸುತ್ತದೆ, ಆದರೆ ದಿಲ್‌ಖುಷ್ ತುಂಬಿದ ಬಾಕ್ಸಿನ ಮೇಲೆ ಜಿಐ ಲಾಂಛನ ಇದ್ದರೆ ಅದು ಸುಳ್ಳು ಗುರುತು, ಕಾನೂನಿನ ಪ್ರಕಾರ ಅಪರಾಧ. ಅದಕ್ಕೆ ಬೇರೆಯೇ ಬಾಕ್ಸ್ ಮಾಡಿಸಿ.

ನಿಮ್ಮದೇ ಅನ್ನುವಂಥದ್ದು ಬೇಕಲ್ಲ, ಅದಕ್ಕೆ ಊರಿನ ಹೆಸರಲ್ಲದ ಒಂದು ಗುಂಪಿನ ಹೆಸರು ಮತ್ತು ಚಿತ್ರ ಮಾಡಿಸಿ, 31ನೇ ವರ್ಗದಲ್ಲಿ (ತಾಜಾ ಹಣ್ಣು) ಟ್ರೇಡ್‌ಮಾರ್ಕಿಗೆ ಹಾಕಿ. ಬಾಕ್ಸಿನ ಮೇಲೆ ಗುಂಪಿನ ಹೆಸರು ದೊಡ್ಡದಾಗಿರಲಿ, ಕೆಳಗೆ "ಬೆಂಗಳೂರು ಬ್ಲೂ ದ್ರಾಕ್ಷಿ" ಮತ್ತು ಲಾಂಛನ, ಅದರ ಕೆಳಗೆ ತೋಟದ ಊರು. ಆ ಊರು ನಿಜವಾಗಿ ನಂದಿಯ ಆಸುಪಾಸಿನದ್ದಾದರೆ ಹಾಗೆಂದು ಬರೆಯಬಹುದು, ಬೇರೆಯದ್ದಾದರೆ ಬೇಡ.

ಇಷ್ಟು ಕಾಗದದ ಕೆಲಸ. ಹೆಸರು ಕೆಡುವುದು ಮಾತ್ರ ಎರಡೇ ಕಡೆ, ಕೊಯ್ಲಿನಲ್ಲಿ ಮತ್ತು ಲೇಬಲ್ಲಿನಲ್ಲಿ.

ಬೆಂಗಳೂರು ಬ್ಲೂ ಹಣ್ಣಿಗೆ ಬಣ್ಣ ಮೊದಲು ಬರುತ್ತದೆ, ಸಿಹಿ ಆಮೇಲೆ. ಗೊನೆ ಪೂರ್ತಿ ಕಪ್ಪಾಗಿ ಕಂಡರೂ ಬಾಯಿಗಿಟ್ಟರೆ ಹುಳಿಯೇ ಇರಬಹುದು. ದ್ರಾಕ್ಷಿ ಬಳ್ಳಿಯಿಂದ ಬಿಡಿಸಿದ ಮೇಲೆ ಸಿಹಿಯಾಗುವುದಿಲ್ಲ, ಮಾವಿನ ಹಾಗೆ ಮನೆಯಲ್ಲಿಟ್ಟು ಹಣ್ಣು ಮಾಡುವ ಮಾತೇ ಇಲ್ಲ. ಹಾಗಾಗಿ ಹಣ್ಣಿನ ಸಿಹಿಯನ್ನು ಬ್ರಿಕ್ಸ್ ಎಂಬ ಅಳತೆಯಲ್ಲಿ ತೋರಿಸುವ ಒಂದು ಕೈ ರಿಫ್ರಾಕ್ಟೋಮೀಟರ್ ಕೊಳ್ಳಿ. ಕೊಯ್ಯುವ ದಿನ ಬೆಳಿಗ್ಗೆ ತೋಟದ ಬೇರೆ ಬೇರೆ ಕಡೆಯಿಂದ 10 ಗೊನೆ ಆರಿಸಿ, ಪ್ರತಿ ಗೊನೆಯ ತುದಿಯ ಕಾಳನ್ನು ಹಿಂಡಿ ನೋಡಿ. ತುದಿಯ ಕಾಳು ಕೊನೆಗೆ ಹಣ್ಣಾಗುತ್ತದೆ, ಅದು 16 ಬ್ರಿಕ್ಸ್ ತೋರಿಸಿದರೆ ಮೇಲಿನದೆಲ್ಲ ಸರಿಯಿದೆ ಎಂದರ್ಥ. 13, 14 ಬಂದರೆ ಅವತ್ತು ಕತ್ತರಿ ಹಾಕಬೇಡಿ, ಆರ್ಡರ್ ಎಷ್ಟೇ ಇರಲಿ. ಕೊಯ್ಯುವಾಗ ತೊಟ್ಟು ಹಿಡಿಯಿರಿ, ಕಾಳು ಮುಟ್ಟಬೇಡಿ. ಮೇಲಿನ ಬೂದು ಬಿಳಿ ಪುಡಿ ಹಣ್ಣಿನದೇ ಮೇಣ. ಬೆರಳು ತಾಗಿದರೆ ಅದು ಅಳಿಸಿ ಹಣ್ಣು ಹಳೆಯದಾಗಿ ಕಾಣುತ್ತದೆ. ಗಿರಾಕಿಗಳು ಅದನ್ನೇ ಔಷಧಿ ಅಂದುಕೊಳ್ಳುವುದೂ ಉಂಟು, ಬಾಕ್ಸಿನ ಮೇಲೆ ಒಂದು ಸಾಲು ತಿಳಿಸಿ ಬರೆಯಿರಿ.

ಇನ್ನು ಲೇಬಲ್. ಆರ್ಡರ್ 700 ಬಾಕ್ಸ್, ಸಿಕ್ಕಿದ ಹಣ್ಣು 570 ಕೆ.ಜಿ. ಅಂದಾಗ ಪಕ್ಕದ ಯಾರದೋ ತೋಟದ ಹಣ್ಣು ಬಾಕ್ಸಿನೊಳಗೆ ಸೇರಿಕೊಳ್ಳುತ್ತದೆ. ಗುಂಪುಗಳು ಒಡೆಯುವುದು ಬಹುತೇಕ ಇಲ್ಲೇ. ಇದನ್ನು ತಡೆಯಲು ಲೇಬಲ್ ಕಟ್ಟು ಬೆಳೆಗಾರರ ಹತ್ತಿರ ಇರಬಾರದು, ಗುಂಪಿನ ಒಬ್ಬರ ಹತ್ತಿರ ಮಾತ್ರ ಇರಬೇಕು. 7ನೇ ತೋಟದಲ್ಲಿ ಮಾರ್ಚ್ 14ರಂದು 600 ಕೆ.ಜಿ. ಕೊಯ್ದರು, ಒಡೆದದ್ದು, ಹಸಿರು ಕಾಳಿನದ್ದು 30 ಕೆ.ಜಿ. ತೆಗೆದರು ಅಂದುಕೊಳ್ಳಿ. ಅವರಿಗೆ 07-1403 ಎಂಬ ಲಾಟ್ ಸಂಖ್ಯೆಯ 570 ಲೇಬಲ್ ಕೊಡಿ, 571ನೆಯದು ಬೇಡ. ಮಿಕ್ಕಿದ್ದರೆ ಸಂಜೆಯೇ ವಾಪಸ್ ಪಡೆದು ಹರಿದು, ಪುಸ್ತಕದಲ್ಲಿ ಬರೆಯಿರಿ. ಹುಳಿ ಅಂತ ದೂರು ಬಂದಾಗ ಲಾಟ್ ಸಂಖ್ಯೆ ನೋಡಿದರೆ ಯಾವ ತೋಟ, ಯಾವ ದಿನ, ಬ್ರಿಕ್ಸ್ ಎಷ್ಟಿತ್ತು ಎಲ್ಲ ಗೊತ್ತಾಗುತ್ತದೆ.

ಖಾಲಿ ಬಾಕ್ಸಿಗೆ ಅಂಗಡಿಯಲ್ಲೇ ಬೇರೆ ಹಣ್ಣು ತುಂಬಿ ಮಾರುವುದೂ ಇದೆ. ಲೇಬಲ್ಲನ್ನು ಮುಚ್ಚಳದಿಂದ ಬದಿಗೆ ಬರುವಂತೆ ಅಂಟಿಸಿ, ತೆರೆದರೆ ಅದು ಹರಿಯಲೇಬೇಕು.