ಮೂರನೇ ನಂಬರ್ ಯಾರದ್ದು?

ಪ್ರಶ್ನೆ: ಸರ್, ಲ್ಯಾಬ್ ರಿಪೋರ್ಟ್‌ನಲ್ಲಿ [1], [2] ಅಂತ ನಂಬರ್ ಹಾಕುವುದಾ, ಬ್ರ್ಯಾಕೆಟಿನಲ್ಲಿ ಹೆಸರು-ವರ್ಷ ಹಾಕುವುದಾ? ಡಿಪಾರ್ಟ್‌ಮೆಂಟಿನವರು ಏನೂ ಹೇಳಿಲ್ಲ. ನಂಬರ್ ಸುಲಭ ಅಲ್ವಾ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಉಡುಪಿ

ಟೈಪ್ ಮಾಡುವ ದಿನ ಸುಲಭ. ತಿದ್ದುವ ದಿನ ಅಲ್ಲ. ಈ ಪ್ರಶ್ನೆ ತಿಂಗಳಿಗೆ ನಾಲ್ಕು ಸಲ ಬರುತ್ತದೆ, ಹಾಗಾಗಿ ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ.

ನನ್ನ ಕೈಗೆ ಬಂದ ಒಂದು ರಿಪೋರ್ಟ್ ನೋಡಿ. ಮಲ್ಪೆ ಕಡೆಯ ಮನೆಬಾವಿಯ ನೀರು. ಇಡಿಟಿಎ ಟೈಟ್ರೇಶನ್ ಮಾಡಿ ಗಡಸುತನ ಕಂಡುಹಿಡಿದದ್ದು. 50 ಮಿ.ಲೀ. ನೀರಿಗೆ 0.01 ಮೋಲಾರ್ ಇಡಿಟಿಎ 14 ಮಿ.ಲೀ. ಹೋಗಿದೆ. ಅಂದರೆ ಲೀಟರಿಗೆ 280 ಮಿ.ಗ್ರಾಂ. ಲೆಕ್ಕ ಸರಿ. ರೆಫರೆನ್ಸ್ ಮೂರೇ: [1] ಪಠ್ಯಪುಸ್ತಕ, [2] ಲ್ಯಾಬ್ ಮ್ಯಾನ್ಯುಯಲ್, [3] ಬಿಐಎಸ್ ಹೊರಡಿಸಿದ ಕುಡಿಯುವ ನೀರಿನ ಭಾರತೀಯ ಮಾನದಂಡ, ಐಎಸ್ 10500, 2012ರದ್ದು. ‘ಒಪ್ಪಬಹುದಾದ ಮಿತಿ 200 ಮಿ.ಗ್ರಾಂ [3]’ ಅಂತ ಕೊನೆಯ ಪುಟದಲ್ಲಿತ್ತು.

ಗೈಡ್ ನೋಡಿ, ‘ಕರಾವಳಿ ಬಾವಿಗೆ ಉಪ್ಪುನೀರು ನುಗ್ಗುವುದರ ಬಗ್ಗೆ ಪೀಠಿಕೆಯಲ್ಲಿ ಒಂದು ಲೇಖನ ಸೇರಿಸು’ ಅಂದರು. ಹುಡುಗ ಸೇರಿಸಿದ. ಅದು [1]ರ ನಂತರ ಬರುವುದರಿಂದ ಅದಕ್ಕೆ [2] ಕೊಟ್ಟ. ಕೊನೆಯ ರೆಫರೆನ್ಸ್ ಪಟ್ಟಿಯಲ್ಲಿ ಮ್ಯಾನ್ಯುಯಲ್ 3 ಆಯಿತು, ಮಾನದಂಡ 4 ಆಯಿತು. ಒಳಗಿನ ವಾಕ್ಯಗಳನ್ನು ಮಾತ್ರ ಮುಟ್ಟಲಿಲ್ಲ. ಈಗ ‘ಬಫರ್ ಹಾಕಿ ಪಿಎಚ್ 10ಕ್ಕೆ ತರಬೇಕು [2]’ ಅನ್ನುವ ಮಾತು ಉಪ್ಪುನೀರಿನ ಲೇಖನದ ತಲೆಗೆ ಬಿತ್ತು. 200 ಮಿ.ಗ್ರಾಂ ಮಿತಿಯನ್ನು ಇಟ್ಟವರು ಲ್ಯಾಬ್ ಮ್ಯಾನ್ಯುಯಲ್‌ನವರು ಅಂತಾಯಿತು!

ಓದುವಾಗ ಇದು ಕಣ್ಣಿಗೆ ಬೀಳುವುದಿಲ್ಲ ಮಾರಾಯ್ರೆ. ಪಟ್ಟಿ ಒಂದರಿಂದ ನಾಲ್ಕರವರೆಗೆ ಚಂದವಾಗಿಯೇ ಇದೆ. ಸಿಕ್ಕಿಬಿದ್ದದ್ದು ಹೇಗೆಂದರೆ, ಇಡೀ ರಿಪೋರ್ಟ್‌ನಲ್ಲಿ [4] ಅನ್ನುವುದೇ ಇರಲಿಲ್ಲ. ನೀವೂ ಪಟ್ಟಿಯ ಕೊನೆಯ ನಂಬರನ್ನು Ctrl+F ಒತ್ತಿ ಹುಡುಕಿ. ಸಿಗದಿದ್ದರೆ ಮಧ್ಯದಲ್ಲೆಲ್ಲೋ ಜಾರಿದೆ. ಸಿಕ್ಕರೂ ಪೂರ್ತಿ ನಂಬಬೇಡಿ. ನಾನು ಇವತ್ತಿಗೂ ಪ್ರಿಂಟ್ ತೆಗೆದು ಒಂದೊಂದೇ ನಂಬರಿಗೆ ಪೆನ್ಸಿಲ್ ಗೀಟು ಹಾಕಿ ನೋಡುತ್ತೇನೆ.

ಅದೇ ಜಾಗದಲ್ಲಿ (ಬಿಐಎಸ್, 2012) ಅಂತಿದ್ದರೆ? ಹೊಸ ಲೇಖನ ಪಟ್ಟಿಯಲ್ಲಿ ಅಕ್ಷರದ ಪ್ರಕಾರ ತನ್ನ ಜಾಗಕ್ಕೆ ಹೋಗುತ್ತದೆ, ಉಳಿದದ್ದು ಅಲುಗುವುದಿಲ್ಲ. ಹೆಸರು ತಪ್ಪಿದ್ದರೆ ಓದುವವನಿಗೆ ಅಲ್ಲೇ ಗೊತ್ತಾಗುತ್ತದೆ.

ಅದರ ತಲೆನೋವು ಬೇರೆ. ನಮ್ಮ ಕಡೆ ಶೆಟ್ಟಿ, ಭಟ್, ರಾವ್ ಎಷ್ಟು ಜನ! ಒಂದೇ ವರ್ಷದಲ್ಲಿ ಇಬ್ಬರು ಬೇರೆ ಬೇರೆ ಭಟ್ಟರು ಬಂದರೆ ಹೆಸರಿನ ಮುಂದೆ ಇನಿಶಿಯಲ್ ಹಾಕಬೇಕು. ಒಬ್ಬರೇ ಎರಡು ಬರೆದಿದ್ದರೆ 2019a, 2019b. ಸರ್‌ನೇಮ್ ಇಲ್ಲದೆ ಬರೀ ಇನಿಶಿಯಲ್ ಇರುವವರದ್ದು ಹೆಸರನ್ನೇ ಮುಂದಿಡಿ. ಆ ಇನಿಶಿಯಲ್ ಊರಿನದ್ದೋ ಅಪ್ಪನದ್ದೋ ಅಂತ ಊಹಿಸಿ ಬಿಡಿಸಲು ಹೋಗಬೇಡಿ. ಒಂದೇ ಮಾತಿಗೆ ನಾಲ್ಕೈದು ಲೇಖನ ತೋರಿಸಬೇಕಾದಲ್ಲಿ ಬ್ರ್ಯಾಕೆಟ್ಟೇ ಎರಡು ಸಾಲು ತಿನ್ನುತ್ತದೆ. ಅಲ್ಲಿ [2–5] ಒಳ್ಳೆಯದು, ಒಪ್ಪುತ್ತೇನೆ.

ಹಾಗಾಗಿ ಕೈಯಲ್ಲೇ ಟೈಪ್ ಮಾಡುವವರಿಗೆ, ಏಳೆಂಟು ರೆಫರೆನ್ಸ್‌ನ ರಿಪೋರ್ಟಿಗೆ, ನಾನು ಹೇಳುವುದು ಹೆಸರು-ವರ್ಷ. ನಂಬರೇ ಬೇಕೆಂದರೆ Zotero ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ನಡುವೆ ಒಂದು ಸೇರಿಸಿದರೆ ಉಳಿದ ನಂಬರ್ ಅದೇ ಬದಲಿಸಿಕೊಳ್ಳುತ್ತದೆ. ನಂಬರನ್ನು ಅಕ್ಷರದ ಮೇಲ್ಮೂಲೆಯಲ್ಲಿ ಚಿಕ್ಕದಾಗಿ ಹಾಕುವವರು ಅಳತೆಯ ಪಕ್ಕದಲ್ಲಿ ಮಾತ್ರ ಹಾಕಬೇಡಿ. ‘ಉದ್ದ 4 cm²’ ಅಂತ ಬರೆದವನೊಬ್ಬನಿದ್ದ. ಎರಡನೇ ರೆಫರೆನ್ಸ್ ಅಂತೆ.

ಪ್ರಶ್ನೆ: ನಂಬರ್ ಸೈನ್ಸ್‌ನವರಿಗೆ, ಹೆಸರು-ವರ್ಷ ಆರ್ಟ್ಸ್‌ನವರಿಗೆ ಅಂತ ಸೀನಿಯರ್ ಹೇಳಿದರು. ಹೌದಾ?
– ಮಂಗಳೂರು

ಸುಮ್ನೆ ಹೇಳಿದ್ದು. ಹೆಸರು-ವರ್ಷದ ಪದ್ಧತಿಯ ಮೂಲ ಹುಡುಕುವವರು ಹೋಗಿ ನಿಲ್ಲುವುದು 1881ರಲ್ಲಿ, ಹಾರ್ವರ್ಡ್‌ನ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಅನ್ನುವ ಪ್ರಾಣಿಶಾಸ್ತ್ರಜ್ಞನ ಹತ್ತಿರ. ಅವನು ಬರೆದದ್ದು ಕವಿತೆಯ ಬಗ್ಗೆ ಅಲ್ಲ, ಮಳೆಗಾಲದಲ್ಲಿ ಬಾವಿಕಟ್ಟೆ ಮೇಲೆ ಹರಿದಾಡುತ್ತದಲ್ಲ, ಆ ಜಾತಿಯ ಚಿಪ್ಪಿಲ್ಲದ ಬಸವನಹುಳದ ಮೊಟ್ಟೆಯ ಬಗ್ಗೆ.

ಪ್ರಶ್ನೆ: ನಂಬರ್ ಶೈಲಿಯಲ್ಲಿ ಒಂದೇ ಪುಸ್ತಕ ಮತ್ತೆ ಬಂದರೆ ಹೊಸ ನಂಬರ್ ಕೊಡಬೇಕಾ?
– ಕುಂದಾಪುರ

ಬೇಡ. ಮೊದಲು ಕೊಟ್ಟ ನಂಬರೇ ಕೊನೆಯವರೆಗೆ.

ಪ್ರಶ್ನೆ: ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ರೆಫರೆನ್ಸ್ ‘ಸೆಟ್’ ಮಾಡಿ ಕೊಡುತ್ತಾರೆ. ಮಾಡಿಸಬಹುದಾ?
– ಸುರತ್ಕಲ್

ಅಂಥ ಒಂದು ‘ಸೆಟ್’ ನನಗೆ ಮೂರು ರಿಪೋರ್ಟ್‌ಗಳಲ್ಲಿ ಸಿಕ್ಕಿದೆ. ಒಂದು ನೀರಿನದ್ದು, ಒಂದು ಸೋಪಿನದ್ದು, ಒಂದು ಬೆಳಕಿನ ವಕ್ರೀಭವನದ್ದು. ಹನ್ನೆರಡು ರೆಫರೆನ್ಸ್, ಮೂರರಲ್ಲೂ ಅವೇ, ಅದೇ ಕ್ರಮದಲ್ಲಿ. ಮೂವರಿಗೂ ವಾಪಸ್ ಕಳಿಸಿದೆ.